ಬೀಟಾ-ಲ್ಯಾಕ್ಟಮ್ ಉಂಗುರದ ಬಿಗಿತ ನಿಜಕ್ಕೂ ಎಲ್ಲಿ ಬಿಡುಗಡೆಯಾಗುತ್ತದೆ?

ಓದುಗರ ಪ್ರಶ್ನೆ: "ನಾಲ್ಕು ಪರಮಾಣುಗಳ ಉಂಗುರ ಬಹಳ ಬಿಗಿತದಲ್ಲಿರುವುದರಿಂದ ಪೆನಿಸಿಲಿನ್ ಬೇಗ ಒಡೆಯುತ್ತದೆ ಎಂದು ಓದಿದ್ದೇನೆ. ಹಾಗಾದರೆ ತೆರೆದ ಸರಪಳಿಯ ಅಮೈಡಿಗಿಂತ ಅದು ಎಷ್ಟು ವೇಗ? ಲ್ಯಾಕ್ಟೋನುಗಳಿಗೂ ಇದೇ ವಿವರಣೆ ಸಾಕೇ? ಐದು, ಆರು ಪರಮಾಣುಗಳ ಲ್ಯಾಕ್ಟೋನುಗಳಲ್ಲಿ ಅಷ್ಟೇನೂ ಬಿಗಿತ ಇಲ್ಲದಿದ್ದರೂ ಅವು ಸಾಮಾನ್ಯ ಎಸ್ಟರಿಗಿಂತ ಬೇಗ ಕ್ಷಾರದಲ್ಲಿ ಒಡೆಯುತ್ತವಲ್ಲ, ಅದು ಏಕೆ?"

ಉತ್ತರ:

ಬೀಟಾ-ಲ್ಯಾಕ್ಟಮ್ ಉಂಗುರದಲ್ಲಿ ಬಿಗಿತ ಇರುವುದು ನಿಜ, ಆ ಬಿಗಿತದಿಂದ ಕ್ರಿಯೆಗೆ ಅನುಕೂಲವಾಗುವುದೂ ನಿಜ. ಆದರೆ ಒಂದು ಅಣುವಿನಲ್ಲಿ ಎಷ್ಟು ಬಿಗಿತ ಕೂಡಿದೆ ಎಂಬುದರಿಂದ ಕ್ರಿಯೆಯ ವೇಗ ನಿರ್ಧಾರವಾಗುವುದಿಲ್ಲ. ವೇಗ ನಿರ್ಧರಿಸುವ ಹಂತದ ಸಂಕ್ರಮಣ ಸ್ಥಿತಿಯನ್ನು ತಲುಪುವಷ್ಟರಲ್ಲಿ ಆ ಬಿಗಿತದ ಯಾವ ಪಾಲು ಸಡಿಲಗೊಂಡಿರುತ್ತದೆ ಎಂಬುದೇ ಮುಖ್ಯ. ಆ ಹಂತ ದಾಟಿದ ಮೇಲೆ ಸಡಿಲಗೊಳ್ಳುವ ಬಿಗಿತ ಕ್ರಿಯೆಯನ್ನು ಹಿಂದಿರುಗದಂತೆ ಮಾಡುತ್ತದೆಯೇ ಹೊರತು ಅದರ ವೇಗವನ್ನು ಹೆಚ್ಚಿಸುವುದಿಲ್ಲ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಈ ಒಂದು ವ್ಯತ್ಯಾಸದಿಂದಲೇ ಸಿಗುತ್ತದೆ. ಆದ್ದರಿಂದ ಮೊದಲು ಪೆನಿಸಿಲಿನ್ ಅನ್ನು ಅಂಕಿಗಳ ಸಮೇತ ನೋಡಿ, ಬಳಿಕ ಲ್ಯಾಕ್ಟೋನುಗಳಿಗೆ ಬರುತ್ತೇನೆ.

ಸರಳ ಬೀಟಾ-ಲ್ಯಾಕ್ಟಮ್ ಉಂಗುರದ ಬಿಗಿತ ಮೋಲ್‌ಗೆ ಸುಮಾರು 110 ಕಿಲೋಜೂಲ್. ಲೆಕ್ಕ ಹಾಕುವ ವಿಧಾನಕ್ಕೆ ತಕ್ಕಂತೆ ಇದು ತುಸು ಹೆಚ್ಚು ಕಡಿಮೆಯಾಗಬಹುದು. ಕೋಣೆಯ ಉಷ್ಣಾಂಶದಲ್ಲಿ ಸಕ್ರಿಯಣ ಶಕ್ತಿಯ ತಡೆ 5.7 ಕಿಲೋಜೂಲಿನಷ್ಟು ತಗ್ಗಿದರೆ ಕ್ರಿಯೆ ಹತ್ತು ಪಟ್ಟು ವೇಗವಾಗುತ್ತದೆ. ಹಾಗಾಗಿ ಈ 110 ಕಿಲೋಜೂಲ್ ಪೂರ್ತಿಯಾಗಿ ಸಂಕ್ರಮಣ ಸ್ಥಿತಿಯಲ್ಲಿ ಬಿಡುಗಡೆಯಾಗುವಂತಿದ್ದರೆ ಬೀಟಾ-ಲ್ಯಾಕ್ಟಮ್ ತೆರೆದ ಅಮೈಡಿಗಿಂತ 10¹⁹ ಪಟ್ಟು ವೇಗವಾಗಿ ಒಡೆಯಬೇಕಾಗಿತ್ತು. ಅಂಥ ವಸ್ತುವನ್ನು ನೀರಿನಲ್ಲಿ ಕರಗಿಸಿ ಚುಚ್ಚುಮದ್ದಾಗಿ ಕೊಡುವುದಿರಲಿ, ತಯಾರಿಸಿ ಶುದ್ಧೀಕರಿಸುವುದೂ ಆಗುತ್ತಿರಲಿಲ್ಲ.

ಅಳತೆಗಳು ಹೇಳುವುದು ಬೇರೆಯೇ. ಬೆಂಜೈಲ್‌ಪೆನಿಸಿಲಿನ್ ಹೈಡ್ರಾಕ್ಸೈಡ್ ಅಯಾನಿನೊಡನೆ ವರ್ತಿಸುವ ಎರಡನೇ ದರ್ಜೆಯ ವೇಗ ಸ್ಥಿರಾಂಕ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.15 (ಪ್ರತಿ ಮೋಲಾರ್‌ಗೆ, ಪ್ರತಿ ಸೆಕೆಂಡಿಗೆ). ಸಾಮಾನ್ಯ ಎಸ್ಟರಾದ ಈಥೈಲ್ ಅಸಿಟೇಟಿಗೆ 25 ಡಿಗ್ರಿಯಲ್ಲಿ ಇದೇ ಸ್ಥಿರಾಂಕ ಸುಮಾರು 0.11; ಅಸಿಟಮೈಡಿಗೆ ಸುಮಾರು 0.00005. ಇವನ್ನು ಕಾಲಕ್ಕೆ ಇಳಿಸಿ ನೋಡೋಣ. 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ, ಕ್ಷಾರದ ಸಾಂದ್ರತೆ ಬದಲಾಗದಂತೆ ನೋಡಿಕೊಂಡರೆ, ಪೆನಿಸಿಲಿನ್‌ನ ಅರ್ಧಾಯುಷ್ಯ ಸುಮಾರು 8 ನಿಮಿಷ, ಈಥೈಲ್ ಅಸಿಟೇಟಿನದು ಸುಮಾರು 10 ನಿಮಿಷ, ಅಸಿಟಮೈಡಿನದು ಎರಡು ವಾರಕ್ಕೂ ಹೆಚ್ಚು. ಅಂದರೆ ಪೆನಿಸಿಲಿನ್ ರಚನೆಯಲ್ಲಿ ಅಮೈಡ್ ಆಗಿದ್ದರೂ ಕ್ಷಾರದ ಎದುರು ನಡೆದುಕೊಳ್ಳುವುದು ಒಂದು ಸಾಧಾರಣ ಎಸ್ಟರಿನಂತೆ. ಅಮೈಡಿಗೆ ಹೋಲಿಸಿದರೆ ಅದು ಮೂರು ಸಾವಿರ ಪಟ್ಟಿನ ಆಸುಪಾಸಿನಲ್ಲಿ ವೇಗ, ಶಕ್ತಿಯ ಲೆಕ್ಕದಲ್ಲಿ ಸುಮಾರು 20 ಕಿಲೋಜೂಲ್. ಈ 20 ಕಿಲೋಜೂಲ್ ಕೂಡ ಪೂರ್ತಿಯಾಗಿ ಉಂಗುರದ ಕೊಡುಗೆಯಲ್ಲ. ಪಕ್ಕದಲ್ಲಿ ಎರಡನೇ ಉಂಗುರವಾಗಲಿ ಎಲೆಕ್ಟ್ರಾನ್ ಸೆಳೆಯುವ ಗುಂಪಾಗಲಿ ಇಲ್ಲದ ಸರಳ ಬೀಟಾ-ಲ್ಯಾಕ್ಟಮ್‌ಗಳನ್ನು ಅವುಗಳಿಗೆ ಸರಿಹೊಂದುವ ತೆರೆದ ಅಮೈಡುಗಳ ಜೊತೆ ಹೋಲಿಸಿದಾಗ ಸಿಗುವ ಅಂತರ ಕೆಲವು ಹತ್ತು ಪಟ್ಟಿನಿಂದ ಕೆಲವು ನೂರು ಪಟ್ಟು ಮಾತ್ರ. ಈ ಹೋಲಿಕೆಗಳನ್ನು ವರ್ಷಗಟ್ಟಲೆ ಎಚ್ಚರಿಕೆಯಿಂದ ಮಾಡಿದವರಲ್ಲಿ ಬ್ರಿಟನ್ನಿನ ಮೈಕೆಲ್ ಪೇಜ್ ಪ್ರಮುಖರು.

110 ಕಿಲೋಜೂಲಿನಲ್ಲಿ ಹತ್ತು ಹನ್ನೆರಡು ಮಾತ್ರ ವೇಗವಾಗಿ ಕಾಣಿಸಿಕೊಂಡರೆ ಉಳಿದದ್ದು ಎಲ್ಲಿ ಹೋಯಿತು? ಅದು ಎಲ್ಲಿಗೂ ಹೋಗಿರುವುದಿಲ್ಲ, ಉಂಗುರದಲ್ಲೇ ಉಳಿದಿರುತ್ತದೆ. ಕ್ಷಾರದಲ್ಲಿ ನಡೆಯುವ ಜಲವಿಭಜನೆಗೆ ಎರಡು ಹಂತಗಳಿವೆ. ಮೊದಲನೆಯದರಲ್ಲಿ ಹೈಡ್ರಾಕ್ಸೈಡ್ ಕಾರ್ಬೊನಿಲ್ ಕಾರ್ಬನ್ನಿಗೆ ಸೇರಿ, ನಾಲ್ಕು ಒಂಟಿ ಬಂಧಗಳಿರುವ ಚತುರ್ಮುಖಿ ಮಧ್ಯವರ್ತಿ ರೂಪುಗೊಳ್ಳುತ್ತದೆ. ಎರಡನೆಯದರಲ್ಲಿ ಆ ಮಧ್ಯವರ್ತಿಯ ಕಾರ್ಬನ್-ನೈಟ್ರೋಜನ್ ಬಂಧ ಕಡಿದು ಉಂಗುರ ತೆರೆದುಕೊಳ್ಳುತ್ತದೆ. ಪೆನಿಸಿಲಿನ್ ಹೈಡ್ರಾಕ್ಸೈಡಿನೊಡನೆ ವರ್ತಿಸುವಾಗ ವೇಗ ನಿರ್ಧರಿಸುವುದು ಮೊದಲನೇ ಹಂತ, ಮತ್ತು ಆ ಹಂತದಲ್ಲಿ ಉಂಗುರ ಇನ್ನೂ ಮುಚ್ಚಿಯೇ ಇರುತ್ತದೆ. ಕಾರ್ಬೊನಿಲ್ ಕಾರ್ಬನ್ ಬಯಸುವ ಕೋನ 120 ಡಿಗ್ರಿ, ಉಂಗುರ ಅದಕ್ಕೆ ಕೊಡುವುದು 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಚತುರ್ಮುಖಿಯಾದ ಮೇಲೆ ಅದು ಬಯಸುವುದು ಸುಮಾರು 109 ಡಿಗ್ರಿ, ಆಗಲೂ ಸಿಗುವುದು 90ರ ಆಸುಪಾಸು. ಕೊರತೆ ಸುಮಾರು 30 ಡಿಗ್ರಿಯಿಂದ ಸುಮಾರು 20 ಡಿಗ್ರಿಗೆ ಇಳಿಯುತ್ತದೆ, ಅಷ್ಟೇ. ಇದಕ್ಕೆ ಸೈಕ್ಲೊಬ್ಯುಟೇನ್ ಒಳ್ಳೆಯ ಸಾಕ್ಷಿ. ಅದರ ನಾಲ್ಕೂ ಕಾರ್ಬನ್ನುಗಳು ಚತುರ್ಮುಖಿಗಳು, ಆದರೂ ಅದರ ಬಿಗಿತ 110 ಕಿಲೋಜೂಲಿನಷ್ಟೇ ಇದೆ. ಒಂದು ಕಾರ್ಬನ್ ಸಮತಲದಿಂದ ಚತುರ್ಮುಖಿಗೆ ಬದಲಾದ ಮಾತ್ರಕ್ಕೆ ನಾಲ್ಕು ಪರಮಾಣುಗಳ ಉಂಗುರ ಸಡಿಲವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಆಧಾರ ಬೇಕಿಲ್ಲ.

ಇಲ್ಲಿ ಎರಡನೇ ವಿವರಣೆಯೊಂದು ಅಡ್ಡ ಬರುತ್ತದೆ, ಅದನ್ನೂ ಪರೀಕ್ಷಿಸಬೇಕು. ಪೆನಿಸಿಲಿನ್‌ನ ರಚನೆಯ ಬಗ್ಗೆ 1940ರ ದಶಕದಲ್ಲಿ ವಾದ ನಡೆಯುತ್ತಿದ್ದಾಗ ಬೀಟಾ-ಲ್ಯಾಕ್ಟಮ್ ರಚನೆಯ ಪರವಾಗಿದ್ದ ರಾಬರ್ಟ್ ಬರ್ನ್ಸ್ ವುಡ್‌ವರ್ಡ್, ಐದು ಪರಮಾಣುಗಳ ಥಯಾಜೊಲಿಡೀನ್ ಉಂಗುರ ಬೀಟಾ-ಲ್ಯಾಕ್ಟಮ್‌ಗೆ ಬೆಸೆದುಕೊಂಡಿರುವುದರಿಂದ ನೈಟ್ರೋಜನ್ ಸಮತಲವಾಗಲಾರದು, ಹಾಗಾಗಿ ಅಮೈಡ್ ಅನುರಣನ ಕುಂದಿ ಕಾರ್ಬೊನಿಲ್ ಹೆಚ್ಚು ಕ್ರಿಯಾಶೀಲವಾಗುತ್ತದೆ ಎಂದು ಸೂಚಿಸಿದರು. ಡೊರೊಥಿ ಹಾಜ್‌ಕಿನ್ ಮತ್ತು ಸಹೋದ್ಯೋಗಿಗಳು 1945ರಲ್ಲಿ ಎಕ್ಸ್-ಕಿರಣ ವಿಧಾನದಿಂದ ಬೀಟಾ-ಲ್ಯಾಕ್ಟಮ್ ರಚನೆಯನ್ನೇ ಖಚಿತಪಡಿಸಿದರು. ಪೆನಿಸಿಲಿನ್‌ನಲ್ಲಿ ನೈಟ್ರೋಜನ್ ತನ್ನ ಮೂರು ನೆರೆ ಪರಮಾಣುಗಳ ಸಮತಲದಿಂದ ಸುಮಾರು 0.4 ಆಂಗ್‌ಸ್ಟ್ರಮ್ ಮೇಲಕ್ಕೆ ಎದ್ದಿರುವುದೂ ನಿಜ. ಆದರೆ ಅನುರಣನ ಕುಂದಿದೆ ಎಂಬುದಕ್ಕೆ ಪುರಾವೆಯಾಗಿ ಪಠ್ಯಗಳು ಮುಂದಿಡುವ ಅವಗೆಂಪು ವರ್ಣಪಟಲದ ಅಂಕಿಯನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಪೆನಿಸಿಲಿನ್‌ನ ಲ್ಯಾಕ್ಟಮ್ ಕಾರ್ಬೊನಿಲ್ 1770ರಿಂದ 1790 ಸೆಂ.ಮೀ.⁻¹ ನಡುವೆ ಹೀರಿಕೆ ತೋರುತ್ತದೆ, ತೆರೆದ ಸರಪಳಿಯ ಅಮೈಡುಗಳದು 1650ರ ಆಸುಪಾಸಿನಲ್ಲಿರುತ್ತದೆ. ಅಂತರ ದೊಡ್ಡದು, ಸಂದೇಹವಿಲ್ಲ. ಆದರೆ ನೈಟ್ರೋಜನ್ನೇ ಇಲ್ಲದ, ಅನುರಣನದ ಪ್ರಶ್ನೆಯೇ ಏಳದ ಸೈಕ್ಲೊಬ್ಯುಟನೋನ್ ಕೂಡ 1780ರ ಬಳಿ ಹೀರಿಕೆ ತೋರುತ್ತದೆ, ಸಾಮಾನ್ಯ ಕೀಟೋನುಗಳದು 1715. ಉಂಗುರದೊಳಗಿನ ಕೋನ ಕಿರಿದಾದಾಗ ಕಾರ್ಬನ್ ತನ್ನ ಎಸ್ ಕಕ್ಷಕದ ಹೆಚ್ಚಿನ ಪಾಲನ್ನು ಉಂಗುರದ ಹೊರಗಿರುವ ಕಾರ್ಬನ್-ಆಕ್ಸಿಜನ್ ಬಂಧಕ್ಕೆ ಕೊಡುತ್ತದೆ. ಆ ಬಂಧ ಬಲವಾಗುತ್ತದೆ, ಕಂಪನದ ಆವರ್ತನ ಏರುತ್ತದೆ. ಆದ್ದರಿಂದ ವರ್ಣಪಟಲದಲ್ಲಿ ಕಾಣುವ ಏರಿಕೆಯ ಬಹುಪಾಲು ಉಂಗುರದ ಜ್ಯಾಮಿತಿಯಿಂದಲೇ ಬಂದದ್ದಾಗಿರಬಹುದು. ಅನುರಣನ ನಿಜವಾಗಿ ತಪ್ಪಿಹೋದ ಅಮೈಡ್ ಹೇಗಿರುತ್ತದೆ ಎಂಬುದನ್ನು ನೋಡಬೇಕಾದರೆ 2-ಕ್ವಿನುಕ್ಲಿಡೋನ್ ಕಡೆ ನೋಡಬೇಕು. ಅದರಲ್ಲಿ ನೈಟ್ರೋಜನ್ನಿನ ಒಂಟಿ ಜೋಡಿ ಎಲೆಕ್ಟ್ರಾನ್‌ಗಳು ಕಾರ್ಬೊನಿಲ್ ವ್ಯೂಹಕ್ಕೆ ಲಂಬವಾಗಿ ನಿಲ್ಲುತ್ತವೆ. ನೈಟ್ರೋಜನ್ ಅಮೀನಿನಂತೆ ಪ್ರೋಟಾನ್ ಹಿಡಿಯುತ್ತದೆ. 2006ರಲ್ಲಿ ಬ್ರಯಾನ್ ಸ್ಟೋಲ್ಟ್ಜ್ ಅವರ ಗುಂಪು ಅದರ ಲವಣವನ್ನು ಪ್ರತ್ಯೇಕಿಸಿದಾಗ ಅದು ನೀರಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಒಡೆಯುವುದು ಕಂಡಿತು. ಪೆನಿಸಿಲಿನ್ ಇಂಥ ಯಾವ ಲಕ್ಷಣವನ್ನೂ ತೋರುವುದಿಲ್ಲ. ಅದರ ನೈಟ್ರೋಜನ್ ಗಮನಾರ್ಹವಾಗಿ ಕ್ಷಾರೀಯವಲ್ಲ, ತಟಸ್ಥ ನೀರಿನಲ್ಲಿ ಅದು ಸೆಕೆಂಡುಗಳಲ್ಲಿ ಮಾಯವಾಗುವುದೂ ಇಲ್ಲ. ಅನುರಣನ ಸ್ವಲ್ಪ ಕುಗ್ಗಿರಬಹುದು, ತಪ್ಪಿಹೋಗಿಲ್ಲ ಎಂಬುದೇ ನನ್ನ ತೀರ್ಮಾನ.

ಸರಳ ಬೀಟಾ-ಲ್ಯಾಕ್ಟಮ್‌ಗಿಂತ ಪೆನಿಸಿಲಿನ್ ಹೆಚ್ಚು ಚುರುಕಾಗಲು ಇನ್ನೊಂದು ಕಾರಣವಿದೆ, ಅದಕ್ಕೆ ಬಿಗಿತದಷ್ಟು ಪ್ರಚಾರ ಸಿಕ್ಕಿಲ್ಲ. ಉಂಗುರ ತೆರೆದಾಗ ಬಿಡುಗಡೆಯಾಗುವ ಥಯಾಜೊಲಿಡೀನ್ ಅಮೀನ್ ಬಹಳ ದುರ್ಬಲ ಕ್ಷಾರ. ಅದರ ಪ್ರೋಟಾನೀಕೃತ ರೂಪದ ಪಿಕೆಎ ಸುಮಾರು 5, ಸಾಮಾನ್ಯ ಅಮೀನುಗಳದು 10ರ ಮೇಲೆ. ಪಕ್ಕದ ಗಂಧಕವೂ ಕಾರ್ಬಾಕ್ಸಿಲೇಟ್ ಹೊತ್ತ ಕಾರ್ಬನ್ನೂ ನೈಟ್ರೋಜನ್ನಿನಿಂದ ಎಲೆಕ್ಟ್ರಾನ್‌ಗಳನ್ನು ಸೆಳೆಯುವುದರಿಂದ ಹೀಗಾಗುತ್ತದೆ. ಅದೇ ಸೆಳೆತ ಮೊದಲ ಹಂತದಲ್ಲಿಯೂ ಕಾರ್ಬೊನಿಲ್ ಕಾರ್ಬನ್ನನ್ನು ನ್ಯೂಕ್ಲಿಯೊಫೈಲಿಗೆ ಹೆಚ್ಚು ಒಡ್ಡುತ್ತದೆ. ಎರಡನೇ ಉಂಗುರ ಅನಿವಾರ್ಯವಲ್ಲ ಎಂಬುದನ್ನು ಆಜ್ಟ್ರಿಯೊನಾಮ್ ಎಂಬ ಪ್ರತಿಜೀವಕ ತೋರಿಸಿಕೊಟ್ಟಿದೆ. ಅದರಲ್ಲಿರುವುದು ಒಂದೇ ಒಂದು ಬೀಟಾ-ಲ್ಯಾಕ್ಟಮ್ ಉಂಗುರ, ಬೆಸೆದ ಉಂಗುರ ಯಾವುದೂ ಇಲ್ಲ. ನೈಟ್ರೋಜನ್ನಿಗೆ ನೇರವಾಗಿ ಕಟ್ಟಿದ ಸಲ್ಫೋನೇಟ್ ಗುಂಪು ಎಲೆಕ್ಟ್ರಾನ್ ಸೆಳೆಯುವ ಕೆಲಸವನ್ನು ನಿಭಾಯಿಸುತ್ತದೆ. ಬೆಸೆದ ಉಂಗುರ ನೈಟ್ರೋಜನ್ನನ್ನು ಪಿರಮಿಡ್ ಆಕಾರಕ್ಕೆ ತಳ್ಳುವುದೇ ಕ್ರಿಯಾಶೀಲತೆಯ ಮೂಲವಾಗಿದ್ದರೆ ಈ ಔಷಧಿ ಕೆಲಸ ಮಾಡಬಾರದಾಗಿತ್ತು.

ಎರಡನೇ ಹಂತವಾದ ಉಂಗುರ ತೆರೆಯುವಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಇಷ್ಟು ಬಿಗಿತದ ಉಂಗುರ ಮಧ್ಯವರ್ತಿಯಾದ ಕೂಡಲೇ ತಾನಾಗಿ ಸಿಡಿದು ತೆರೆದುಕೊಳ್ಳುತ್ತದೆ ಎಂದು ಭಾವಿಸುವುದು ಸಹಜ, ಆದರೆ ಅಮೀನುಗಳ ಜೊತೆಗಿನ ಕ್ರಿಯೆ ಅದನ್ನು ಬೆಂಬಲಿಸುವುದಿಲ್ಲ. ಪೆನಿಸಿಲಿನ್ ಅಮೀನಿನೊಡನೆ ವರ್ತಿಸುವ ವೇಗವನ್ನು ಅಳೆದಾಗ ಅಮೀನಿನ ಸಾಂದ್ರತೆಯ ವರ್ಗಕ್ಕೆ ಅನುಗುಣವಾದ ಪದವೂ, ಅಮೀನ್ ಮತ್ತು ಹೈಡ್ರಾಕ್ಸೈಡ್ ಎರಡರ ಗುಣಲಬ್ಧಕ್ಕೆ ಅನುಗುಣವಾದ ಪದವೂ ವೇಗ ಸಮೀಕರಣದಲ್ಲಿ ಕಾಣಿಸಿಕೊಳ್ಳುತ್ತವೆ. ಇದರ ಅರ್ಥ, ಮೊದಲ ಅಮೀನ್ ಅಣು ಕಾರ್ಬೊನಿಲ್‌ಗೆ ಸೇರಿದ ಮೇಲೂ ಅದರ ಪ್ರೋಟಾನ್ ತೆಗೆಯಲು ಇನ್ನೊಂದು ಕ್ಷಾರದ ನೆರವು ಬೇಕು. ಆ ನೆರವು ಸಿಗುವ ಮುನ್ನ ಮಧ್ಯವರ್ತಿ ಮುಂದೆ ಸಾಗುವ ಬದಲು ಹಿಂದಕ್ಕೆ ಒಡೆದು ಮೂಲ ಪೆನಿಸಿಲಿನ್ ಆಗಿಬಿಡಬಲ್ಲದು. 110 ಕಿಲೋಜೂಲ್ ಬಿಡುಗಡೆಗೆ ಕಾದಿದ್ದರೂ ಕಾರ್ಬನ್-ನೈಟ್ರೋಜನ್ ಬಂಧ ಕಡಿಯುವುದು ತಡೆಯಿಲ್ಲದ ಕೆಲಸವಲ್ಲ.

ಹಾಗಿದ್ದರೆ ಬಿಗಿತದ ಬಹುಪಾಲು ಯಾವ ಪ್ರಯೋಜನಕ್ಕೆ ಬರುತ್ತದೆ? ಕ್ರಿಯೆ ಹಿಂದಿರುಗದಂತೆ ಮಾಡುವುದಕ್ಕೆ. ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಹೆಣೆಯುವ ಕಿಣ್ವ ತನ್ನ ಸೆರೀನ್ ಆಕ್ಸಿಜನ್ನಿನಿಂದ ಪೆನಿಸಿಲಿನ್‌ನ ಕಾರ್ಬೊನಿಲ್ ಅನ್ನು ಮುಟ್ಟಿದಾಗ ಉಂಗುರ ತೆರೆದು, ಪೆನಿಸಿಲಿನ್ ಎಸ್ಟರ್ ರೂಪದಲ್ಲಿ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಬಿಡುಗಡೆಯಾದ ಅಮೀನ್ ಅದೇ ಅಣುವಿಗೆ ಕಟ್ಟಿಕೊಂಡು ಹತ್ತಿರದಲ್ಲೇ ಉಳಿದಿದ್ದರೂ ಮತ್ತೆ ನಾಲ್ಕು ಪರಮಾಣುಗಳ ಉಂಗುರವಾಗಿ ಮುಚ್ಚಿಕೊಳ್ಳುವುದಿಲ್ಲ, ಏಕೆಂದರೆ ಅದು ಶಕ್ತಿಯ ದೃಷ್ಟಿಯಿಂದ ತೀರಾ ಏರುಹಾದಿ. ಕಿಣ್ವದ ಸಹಜ ತಲಾಧಾರದಲ್ಲಿ ಹೊರಬೀಳುವ ಡಿ-ಅಲನೀನ್ ಹೊರಟುಹೋಗಿ ಮುಂದಿನ ನ್ಯೂಕ್ಲಿಯೊಫೈಲಿಗೆ ಜಾಗ ಬಿಡುತ್ತದೆ. ಇಲ್ಲಿ ಥಯಾಜೊಲಿಡೀನ್ ಭಾಗ ಹೊರಡಲಾಗದೆ ಅಲ್ಲೇ ನಿಂತಿರುತ್ತದೆ, ಕಿಣ್ವ ಬಹಳ ಹೊತ್ತು ನಿಷ್ಕ್ರಿಯವಾಗಿರುತ್ತದೆ.

ಇನ್ನು ಲ್ಯಾಕ್ಟೋನುಗಳು. ಐದು ಪರಮಾಣುಗಳ ಗಾಮಾ-ಬ್ಯುಟಿರೊಲ್ಯಾಕ್ಟೋನ್‌ನ ಬಿಗಿತ ಸುಮಾರು 35 ಕಿಲೋಜೂಲ್, ಆರು ಪರಮಾಣುಗಳ ಡೆಲ್ಟಾ-ವಲೆರೊಲ್ಯಾಕ್ಟೋನ್‌ನದು ಸುಮಾರು 45. ಬೀಟಾ-ಲ್ಯಾಕ್ಟಮ್‌ನ ಅರ್ಧವೂ ಇಲ್ಲ. ಆದರೂ 1959ರಲ್ಲಿ ರೋಲ್ಫ್ ಹ್ಯೂಸ್ಗೆನ್ ಮತ್ತು ಓಟ್ ನೀರು-ಡೈಆಕ್ಸೇನ್ ಮಿಶ್ರಣದಲ್ಲಿ ಬೇರೆ ಬೇರೆ ಗಾತ್ರದ ಲ್ಯಾಕ್ಟೋನುಗಳ ಕ್ಷಾರೀಯ ಜಲವಿಭಜನೆಯನ್ನು ಅಳೆದಾಗ ಗಾಮಾ-ಬ್ಯುಟಿರೊಲ್ಯಾಕ್ಟೋನ್ ತೆರೆದ ಎಸ್ಟರಿಗಿಂತ ನೂರಕ್ಕೂ ಹೆಚ್ಚು ಪಟ್ಟು, ಡೆಲ್ಟಾ-ವಲೆರೊಲ್ಯಾಕ್ಟೋನ್ ಹಲವು ಸಾವಿರ ಪಟ್ಟು ವೇಗವಾಗಿ ಒಡೆಯಿತು. ಅರ್ಧಕ್ಕಿಂತ ಕಡಿಮೆ ಬಿಗಿತ, ಆದರೆ ವೇಗದ ಹೆಚ್ಚಳ ಸರಳ ಬೀಟಾ-ಲ್ಯಾಕ್ಟಮ್ ತೋರುವಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಉಂಗುರದ ಕೋನಗಳಿಂದ ಇದನ್ನು ವಿವರಿಸಲಾಗದು. ಆರು ಪರಮಾಣುಗಳ ಉಂಗುರದಲ್ಲಿ ಕೋನಗಳ ತೊಂದರೆ ಹೆಚ್ಚೇನೂ ಇರುವುದಿಲ್ಲ.

ಕಾರಣ ಎಸ್ಟರ್ ಗುಂಪಿನ ಭಂಗಿಯಲ್ಲಿದೆ. ತೆರೆದ ಎಸ್ಟರಿನಲ್ಲಿ ಆಕ್ಸಿಜನ್ನಿಗೆ ಅಂಟಿದ ಆಲ್ಕೈಲ್ ಗುಂಪು ಕಾರ್ಬೊನಿಲ್ ಆಕ್ಸಿಜನ್ ಇರುವ ಬದಿಗೇ ತಿರುಗಿರುತ್ತದೆ. ಇದನ್ನು ಝಡ್ ಭಂಗಿ ಎನ್ನುತ್ತಾರೆ. ಈ ಭಂಗಿಯಲ್ಲಿ ಎಸ್ಟರ್ ಆಕ್ಸಿಜನ್ನಿನ ಒಂದು ಒಂಟಿ ಜೋಡಿ ಕಾರ್ಬನ್-ಆಕ್ಸಿಜನ್ ದ್ವಿಬಂಧಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ ನಿಂತು ಅದರ ಖಾಲಿ ಕಕ್ಷಕಕ್ಕೆ ಎಲೆಕ್ಟ್ರಾನ್ ನೀಡಬಲ್ಲದು, ಮತ್ತು ಎರಡು ಆಕ್ಸಿಜನ್ನುಗಳ ದ್ವಿಧ್ರುವಗಳು ಬಹುಮಟ್ಟಿಗೆ ಒಂದನ್ನೊಂದು ತಗ್ಗಿಸುತ್ತವೆ. ಸಣ್ಣ ಉಂಗುರದಲ್ಲಿ ಈ ಭಂಗಿ ಸಾಧ್ಯವೇ ಇಲ್ಲ. ಉಂಗುರ ಮುಚ್ಚಬೇಕಾದರೆ ಆಲ್ಕೈಲ್ ಭಾಗ ಕಾರ್ಬೊನಿಲ್ ಆಕ್ಸಿಜನ್ನಿನಿಂದ ದೂರದ ಬದಿಗೆ, ಅಂದರೆ ಇ ಭಂಗಿಗೆ ತಿರುಗಲೇಬೇಕು. ಆ ಭಂಗಿಗೆ ತೆರಬೇಕಾದ ಬೆಲೆ ಮೀಥೈಲ್ ಅಸಿಟೇಟಿನಂಥ ಎಸ್ಟರಿನಲ್ಲಿ, ಅನಿಲ ಸ್ಥಿತಿಯಲ್ಲಿ, 30 ಕಿಲೋಜೂಲಿನ ಸುತ್ತಮುತ್ತ. ನೀರಿನಂಥ ಧ್ರುವೀಯ ದ್ರಾವಕದಲ್ಲಿ ಅದಕ್ಕಿಂತ ಕಡಿಮೆ. ಆರು ಪರಮಾಣುಗಳ ಲ್ಯಾಕ್ಟೋನಿನ ಬಿಗಿತದ ದೊಡ್ಡ ಭಾಗ ಇದೇ.

ಹ್ಯೂಸ್ಗೆನ್ ಇದನ್ನು ದ್ವಿಧ್ರುವ ಮಹತ್ತ್ವದ ಅಳತೆಯಿಂದ ತೋರಿಸಿದ ರೀತಿ ನನಗೆ ತುಂಬಾ ಇಷ್ಟ. ಏಳು ಪರಮಾಣುಗಳವರೆಗಿನ ಲ್ಯಾಕ್ಟೋನುಗಳ ದ್ವಿಧ್ರುವ ಮಹತ್ತ್ವ ಸುಮಾರು 4 ಡಿಬೈ ಅಥವಾ ಅದಕ್ಕಿಂತ ಹೆಚ್ಚು, ಹತ್ತಕ್ಕಿಂತ ದೊಡ್ಡ ಉಂಗುರಗಳದ್ದು ತೆರೆದ ಎಸ್ಟರುಗಳಂತೆಯೇ 2ರ ಬಳಿ. ಎಂಟು, ಒಂಬತ್ತರ ಆಸುಪಾಸಿನಲ್ಲಿ ಉಂಗುರ ಸಾಕಷ್ಟು ದೊಡ್ಡದಾಗಿ ಝಡ್ ಭಂಗಿಗೆ ಮರಳುತ್ತದೆ. ಜಲವಿಭಜನೆಯ ವೇಗವೂ ಅದೇ ಗಡಿಯಲ್ಲಿ ಕುಸಿಯುತ್ತದೆ. ಹತ್ತು ಪರಮಾಣುಗಳ ಲ್ಯಾಕ್ಟೋನ್ ತೆರೆದ ಎಸ್ಟರಿಗಿಂತಲೂ ನಿಧಾನ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಳತೆಗಳು ಒಂದೇ ಜಾಗದಲ್ಲಿ ತಿರುವು ಪಡೆಯುವುದು ಈ ವಿವರಣೆಯ ಗಟ್ಟಿ ಆಧಾರ.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಿ: ಈ ಬೆಲೆ ಯಾವ ಹಂತದಲ್ಲಿ ತೀರುತ್ತದೆ? ಹೈಡ್ರಾಕ್ಸೈಡ್ ಸೇರಿ ಕಾರ್ಬೊನಿಲ್‌ನ ದ್ವಿಬಂಧ ಇಲ್ಲವಾದ ಕೂಡಲೇ ಝಡ್, ಇ ಎಂಬ ಭೇದಕ್ಕೇ ಅರ್ಥ ಉಳಿಯುವುದಿಲ್ಲ. ಅಂದರೆ ಉಂಗುರ ಮುಚ್ಚಿರುವಾಗಲೇ, ಮೊದಲ ಹಂತದಲ್ಲೇ, ಆ ಬಿಗಿತದ ಬಹುಪಾಲು ಸಡಿಲವಾಗುತ್ತದೆ. ವೇಗ ನಿರ್ಧರಿಸುವುದೂ ಅದೇ ಹಂತವಾದ್ದರಿಂದ ಲಾಭ ಬಹುಮಟ್ಟಿಗೆ ವೇಗದಲ್ಲಿ ಕಾಣುತ್ತದೆ. ಬೀಟಾ-ಲ್ಯಾಕ್ಟಮ್‌ನ ಕೋನಗಳ ಬಿಗಿತಕ್ಕೆ ಈ ಅನುಕೂಲ ಇಲ್ಲ.

ಗಾಮಾ-ಲ್ಯಾಕ್ಟಮ್ ಆದ 2-ಪಿರಾಲಿಡೋನ್ ಏಕೆ ಗಾಮಾ-ಬ್ಯುಟಿರೊಲ್ಯಾಕ್ಟೋನಿನಂತೆ ಚುರುಕಾಗಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಎಸ್ಟರ್ ಆಕ್ಸಿಜನ್ನಿಗೆ ಒಂದೇ ಆಲ್ಕೈಲ್ ಗುಂಪು, ಆದ್ದರಿಂದ ಅದು ಯಾವ ಬದಿಗಿದೆ ಎಂಬುದು ಮುಖ್ಯವಾಗುತ್ತದೆ. ಅಮೈಡ್ ನೈಟ್ರೋಜನ್ನಿನ ಎರಡೂ ಬದಿಯಲ್ಲಿ ಒಂದೊಂದು ಗುಂಪು ಇರುತ್ತದೆ, ಒಂಟಿ ಜೋಡಿ ಯಾವ ಭಂಗಿಯಲ್ಲೂ ಕಾರ್ಬೊನಿಲ್ ವ್ಯೂಹದ ಕಡೆಗೇ ಇರುತ್ತದೆ. ಭಂಗಿ ಬದಲಾದರೂ ಅಮೈಡಿಗೆ ತೆರಬೇಕಾದ ಬೆಲೆ ಚಿಕ್ಕದು. ಪಿರಾಲಿಡೋನ್ ಒಡೆಯಬೇಕಾದರೆ ತೆರೆದ ಅಮೈಡಿನಂತೆಯೇ ಪ್ರಬಲ ಆಮ್ಲ ಅಥವಾ ಕ್ಷಾರದಲ್ಲಿ ಹೊತ್ತುಗಟ್ಟಲೆ ಕುದಿಸಬೇಕು.

ಕೊನೆಯದಾಗಿ ನಾಲ್ಕು ಪರಮಾಣುಗಳ ಲ್ಯಾಕ್ಟೋನ್. ಬೀಟಾ-ಪ್ರೊಪಿಯೊಲ್ಯಾಕ್ಟೋನ್‌ನ ಬಿಗಿತ ಸುಮಾರು 95 ಕಿಲೋಜೂಲ್, ಬೀಟಾ-ಲ್ಯಾಕ್ಟಮ್‌ಗಿಂತ ಸ್ವಲ್ಪ ಕಡಿಮೆಯೇ. ಆದರೆ ಅದಕ್ಕೆ ಬೀಟಾ-ಲ್ಯಾಕ್ಟಮ್‌ಗೆ ಇಲ್ಲದ ಎರಡನೇ ದಾರಿಯೊಂದಿದೆ. ನ್ಯೂಕ್ಲಿಯೊಫೈಲ್ ಕಾರ್ಬೊನಿಲ್ ಅನ್ನು ಬಿಟ್ಟು, ಉಂಗುರದ ಆಕ್ಸಿಜನ್ನಿಗೆ ಅಂಟಿದ ಇನ್ನೊಂದು ಕಾರ್ಬನ್ನನ್ನು ಹಿಂದಿನಿಂದ ಮುಟ್ಟಿ, ಆಲ್ಕೈಲ್-ಆಕ್ಸಿಜನ್ ಬಂಧವನ್ನು ಒಂದೇ ಹಂತದಲ್ಲಿ ಕಡಿಯಬಲ್ಲದು. ಹೊರಬೀಳುವುದು ಸ್ಥಿರವಾದ ಕಾರ್ಬಾಕ್ಸಿಲೇಟ್. ಲ್ಯಾಕ್ಟಮ್‌ನಲ್ಲಿ ಇದೇ ದಾರಿಯಲ್ಲಿ ಹೋದರೆ ಹೊರಬೀಳಬೇಕಾದದ್ದು ಅಮೈಡಿನ ಋಣ ಅಯಾನು, ಅದು ಬಹಳ ಪ್ರಬಲ ಕ್ಷಾರ, ಹಾಗಾಗಿ ಆ ದಾರಿ ಅಲ್ಲಿ ಮುಚ್ಚಿದಂತೆಯೇ. ಈ ಎರಡನೇ ದಾರಿಯಲ್ಲಿ ವೇಗ ನಿರ್ಧರಿಸುವ ಹಂತವೂ ಉಂಗುರ ಬಿಚ್ಚುವ ಹಂತವೂ ಒಂದೇ ಆದ್ದರಿಂದ ಸಂಕ್ರಮಣ ಸ್ಥಿತಿಯಲ್ಲೇ ಉಂಗುರ ಅರ್ಧ ತೆರೆದಿರುತ್ತದೆ, ಬಿಗಿತದ ಗಣನೀಯ ಭಾಗ ಅಲ್ಲೇ ಕೈಗೆ ಬರುತ್ತದೆ.

ಎರಡು ದಾರಿಗಳಲ್ಲಿ ಯಾವುದು ನಡೆಯಿತು ಎಂದು ಕಂಡುಹಿಡಿಯುವ ಬಗೆ 1938ರಷ್ಟು ಹಿಂದೆಯೇ ಆಲ್ಸನ್ ಮತ್ತು ಮಿಲ್ಲರ್ ಅವರ ಪ್ರಯೋಗದಲ್ಲಿ ಸಿಕ್ಕಿತು. ಅವರು ಬೀಟಾ-ಬ್ಯುಟಿರೊಲ್ಯಾಕ್ಟೋನ್‌ನ ದ್ಯುತಿಪಟು ರೂಪವನ್ನು ಬಳಸಿದರು. ಅದರಲ್ಲಿ ಆಕ್ಸಿಜನ್ನಿಗೆ ಅಂಟಿದ ಕಾರ್ಬನ್ನೇ ಅಸಮ್ಮಿತ ಕೇಂದ್ರ. ಪ್ರಬಲ ಕ್ಷಾರದಲ್ಲಿ ಜಲವಿಭಜನೆ ಮಾಡಿದಾಗ ಆ ಕೇಂದ್ರದ ವಿನ್ಯಾಸ ಹಾಗೆಯೇ ಉಳಿಯಿತು, ಅಂದರೆ ದಾಳಿ ಕಾರ್ಬೊನಿಲ್ ಮೇಲೆ ಆಯಿತು. ತಟಸ್ಥಕ್ಕೆ ಹತ್ತಿರದ ನೀರಿನಲ್ಲಿ ವಿನ್ಯಾಸ ತಿರುಗುಮುರುಗಾಯಿತು, ಅಂದರೆ ನೀರು ಆಲ್ಕೈಲ್ ಕಾರ್ಬನ್ನನ್ನು ಹಿಂದಿನಿಂದ ಮುಟ್ಟಿತು. ಪ್ರೊಪಿಯೊಲ್ಯಾಕ್ಟೋನ್‌ನಲ್ಲಿ ಉತ್ಪನ್ನ ನೋಡಿದರೂ ತಿಳಿಯುತ್ತದೆ. ಕ್ಷಾರ ಬೆರೆತ ಮೆಥನಾಲ್ ಜೊತೆ ಅದು ಮುಖ್ಯವಾಗಿ 3-ಹೈಡ್ರಾಕ್ಸಿಪ್ರೊಪಿಯೋನಿಕ್ ಆಮ್ಲದ ಮೀಥೈಲ್ ಎಸ್ಟರ್ ಕೊಡುತ್ತದೆ, ಏನೂ ಬೆರೆಸದ ಮೆಥನಾಲ್ ಜೊತೆ 3-ಮೆಥಾಕ್ಸಿಪ್ರೊಪಿಯೋನಿಕ್ ಆಮ್ಲ ಕೊಡುತ್ತದೆ. ಅಡುಗೆ ಉಪ್ಪಿನ ದ್ರಾವಣದಲ್ಲಿರುವ ಕ್ಲೋರೈಡ್ ಅಯಾನು ಕೂಡ ಅದನ್ನು ತೆರೆದು 3-ಕ್ಲೋರೊಪ್ರೊಪಿಯೋನೇಟ್ ಮಾಡಬಲ್ಲದು.

ತಟಸ್ಥ ನೀರಿನಲ್ಲಿ, 25 ಡಿಗ್ರಿಯಲ್ಲಿ, ಬೀಟಾ-ಪ್ರೊಪಿಯೊಲ್ಯಾಕ್ಟೋನ್‌ನ ಅರ್ಧಾಯುಷ್ಯ ಸುಮಾರು ಮೂರೂವರೆ ಗಂಟೆ, ಈಥೈಲ್ ಅಸಿಟೇಟಿನದು ಸುಮಾರು ಎರಡು ವರ್ಷ. ಇಲ್ಲಿ ಸಿಗುವ ಐದು ಸಾವಿರ ಪಟ್ಟಿನ ಅಂತರವನ್ನು ಬಿಗಿತದ ನೇರ ಅಳತೆ ಎಂದು ತೆಗೆದುಕೊಳ್ಳಬೇಡಿ. ಈಥೈಲ್ ಅಸಿಟೇಟ್ ಒಡೆಯುವುದು ಕಾರ್ಬೊನಿಲ್ ದಾರಿಯಲ್ಲಿ, ಪ್ರೊಪಿಯೊಲ್ಯಾಕ್ಟೋನ್ ಆಲ್ಕೈಲ್ ದಾರಿಯಲ್ಲಿ. ತೆರೆದ ಎಸ್ಟರಿನ ಆಲ್ಕೈಲ್ ಕಾರ್ಬನ್ ಮೇಲೆ ತಟಸ್ಥ ನೀರಿನ ದಾಳಿ ಕಣ್ಣಿಗೆ ಬೀಳದಷ್ಟು ನಿಧಾನವಾದ್ದರಿಂದ ಸಮಾನ ದಾರಿಗಳ ನಡುವಿನ ಅಂತರ ಇದಕ್ಕಿಂತ ಎಷ್ಟೋ ದೊಡ್ಡದು. ವೈರಸ್‌ಗಳನ್ನು ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸುವಾಗ ಈ ವಸ್ತುವನ್ನು ಬಳಸುವುದು ನ್ಯೂಕ್ಲಿಯಿಕ್ ಆಮ್ಲಗಳನ್ನು ಆಲ್ಕೈಲೀಕರಿಸುವ ಈ ಗುಣಕ್ಕಾಗಿಯೇ. ಪ್ರಯೋಗಾಲಯದಲ್ಲಿ ಅದನ್ನು ಕ್ಯಾನ್ಸರ್‌ಕಾರಕ ಶಂಕಿತ ವಸ್ತುವೆಂದು ಎಚ್ಚರದಿಂದ ನಿಭಾಯಿಸಬೇಕಾಗಿರುವುದೂ ಅದೇ ಕಾರಣಕ್ಕೆ.

ನೀವೇ ಇಂಥ ಹೋಲಿಕೆಗಳನ್ನು ಅಳೆಯುವುದಾದರೆ ಎರಡು ಕಡೆ ಎಡವುವ ಸಾಧ್ಯತೆ ಹೆಚ್ಚು. ಮೊದಲನೆಯದು ಬಫರ್. ಟ್ರಿಸ್‌ನಂಥ ಅಮೀನ್ ಬಫರುಗಳು ಪಿಎಚ್ ಕಾಯ್ದುಕೊಳ್ಳುವುದರ ಜೊತೆಗೆ ತಾವೇ ಬೀಟಾ-ಲ್ಯಾಕ್ಟಮ್ ಅನ್ನು ತೆರೆಯಬಲ್ಲವು, ಆಗ ನೀವು ಅಳೆದದ್ದು ಹೈಡ್ರಾಕ್ಸೈಡಿನ ವೇಗವಾಗಿರುವುದಿಲ್ಲ. ಒಂದೇ ಪಿಎಚ್‌ನಲ್ಲಿ ಬಫರಿನ ಸಾಂದ್ರತೆಯನ್ನು ಮೂರು ನಾಲ್ಕು ಮಟ್ಟಗಳಲ್ಲಿ ಬದಲಿಸಿ ವೇಗ ಅಳೆದು, ರೇಖೆಯನ್ನು ಶೂನ್ಯ ಸಾಂದ್ರತೆಗೆ ಎಳೆದು ಓದಬೇಕು. ಅಥವಾ ಬಫರ್ ಬಿಟ್ಟು, ಪಿಎಚ್ ಸ್ಥಿರವಾಗಿಡಲು ಹಾಕುತ್ತಾ ಹೋದ ಕ್ಷಾರದ ಪ್ರಮಾಣವನ್ನೇ ವೇಗದ ಅಳತೆಯಾಗಿ ಬಳಸಬೇಕು. ಉಂಗುರ ತೆರೆದದ್ದು ಖಚಿತವೇ ಎಂದು ನೋಡಲು 1770ರ ಬಳಿಯ ಹೀರಿಕೆ ಅಳಿಯುವುದನ್ನು ಗಮನಿಸಬಹುದು. ಹಳೆಯ ಅಯೋಡಿನ್ ಪರೀಕ್ಷೆಯೂ ನಂಬಲರ್ಹ: ಉಂಗುರ ತೆರೆದ ಪೆನಿಸಿಲೋಯೇಟ್ ಅಯೋಡಿನ್ನನ್ನು ಬಳಸಿಕೊಳ್ಳುತ್ತದೆ, ಹಾಳಾಗದ ಪೆನಿಸಿಲಿನ್ ಬಳಸಿಕೊಳ್ಳುವುದಿಲ್ಲ.

ಎರಡನೆಯದು ಆಮ್ಲದಲ್ಲಿ ಸಿಗುವ ಅಂಕಿಗಳು. ಬೆಂಜೈಲ್‌ಪೆನಿಸಿಲಿನ್ ಆಮ್ಲದಲ್ಲಿ ಬೇಗ ಕೆಡುತ್ತದೆ ಎಂಬುದನ್ನು ಹಿಡಿದು ಉಂಗುರದ ಬಿಗಿತದ ಬಗ್ಗೆ ತೀರ್ಮಾನಕ್ಕೆ ಬರುವಂತಿಲ್ಲ, ಏಕೆಂದರೆ ಅಲ್ಲಿ ಪಾರ್ಶ್ವ ಸರಪಳಿಯ ಅಮೈಡ್ ಆಕ್ಸಿಜನ್ ತಾನೇ ನ್ಯೂಕ್ಲಿಯೊಫೈಲ್ ಆಗಿ ಒಳಗಿನಿಂದ ಲ್ಯಾಕ್ಟಮ್ ಕಾರ್ಬೊನಿಲ್ ಮೇಲೆ ದಾಳಿ ಮಾಡುತ್ತದೆ. ಪಾರ್ಶ್ವ ಸರಪಳಿಯಲ್ಲಿ ಎಲೆಕ್ಟ್ರಾನ್ ಸೆಳೆಯುವ ಫಿನಾಕ್ಸಿ ಗುಂಪಿರುವ ಪೆನಿಸಿಲಿನ್ ವಿ ಯಲ್ಲಿ ಆ ಅಮೈಡ್ ಆಕ್ಸಿಜನ್ನಿನ ಬಲ ಕುಂದುವುದರಿಂದ ಅದು ಜಠರದ ಆಮ್ಲವನ್ನು ಹೆಚ್ಚು ತಾಳಿಕೊಳ್ಳುತ್ತದೆ ಮತ್ತು ಬಾಯಿಯ ಮೂಲಕ ಕೊಡಲು ಬರುತ್ತದೆ. ಎರಡರಲ್ಲೂ ನಾಲ್ಕು ಪರಮಾಣುಗಳ ಉಂಗುರ ಮಾತ್ರ ಒಂದೇ.